ಮಳೆಗಾಲದಲ್ಲಿ ಬೆಳಿಗ್ಗೆ ಮೊಂಡು ಹಿಡಿಯುವ ಜನರೇಟರ್: ನನ್ನ ಅನುಭವ

ಆಗುಂಬೆ ಕಡೆಯ ಒಂದು ಹೋಂಸ್ಟೇಯಲ್ಲಿ ಮೂರು ಸಿಲಿಂಡರಿನ ವಾಟರ್ ಕೂಲ್ಡ್ ಡೀಸೆಲ್ ಜನರೇಟರ್ ಸೆಟ್ಟು ಇದೆ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಅಲ್ಲ, ಸ್ಟಾರ್ಟಿಗೆ ಮೊದಲು ಸಿಲಿಂಡರಿನ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಇರುವ ಜಾತಿ. ಬೇಸಿಗೆಯಲ್ಲಿ ಕೀಲಿ ತಿರುಗಿಸಿದರೆ ಸಾಕು. ಆರಿದ್ರಾ ಮಳೆ ಹಿಡಿಯಿತೆಂದರೆ ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಮಲಗುವವರೆಗೂ ಜಪ್ಪಯ್ಯ ಅನ್ನುವುದಿಲ್ಲ. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆ ಇಲ್ಲ, ನಿಲ್ಲಿಸಿದ ತಕ್ಷಣ ಮತ್ತೆ ಹೊಡೆದರೂ ಗಪ್ಪನೆ ಹಿಡಿಯುತ್ತದೆ.

ನಾನು ಹೋಗುವ ಮೊದಲೇ ಅಲ್ಲಿ ದುಡ್ಡು ಕೈಬಿಟ್ಟಿತ್ತು. ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕಳಿಸಿ, ನಾಝಲ್ ಮೂರೂ ಬದಲಿಸಿ ಹದಿನೆಂಟು ಸಾವಿರದ ಹತ್ತಿರ ಬಿಲ್ಲಾಗಿತ್ತು. ಅದರ ನಂತರವೂ ಸೆಟ್ಟು ಹಾಗೇ. ಕೊನೆಗೆ "ರಿಂಗ್ ಹೋಗಿದೆ, ಹಾಫ್ ಇಂಜಿನ್ ಕೆಲಸ ಮಾಡಿಸಿ" ಅಂತ ಅರುವತ್ತು ಸಾವಿರದ ಎಸ್ಟಿಮೇಟ್ ಬಂದಿತ್ತು. ಬಿಸಿ ಇದ್ದಾಗ ಇಷ್ಟು ಚೆನ್ನಾಗಿ ಹಿಡಿಯುವ ಇಂಜಿನ್ನು, ಆಯಿಲ್ ಮುಚ್ಚಳ ತೆಗೆದರೆ ಹೊಗೆ ಉಗುಳದ ಇಂಜಿನ್ನು. ಅದನ್ನು ಬಿಚ್ಚಲು ನನಗೆ ಮನಸ್ಸಾಗಲಿಲ್ಲ. "ಬಿಚ್ಚೋದು ಬೇಡ, ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಬರ್ತೇನೆ" ಅಂದೆ. ಯಜಮಾನರು ನಕ್ಕು, "ಎಂಥ ಮಾರಾಯ್ರೆ, ಒಂದು ವಾರ ಬಂದು ನೋಡ್ಕೊಂಡು ಕೂರೋದಾ?" ಅಂದರು.

ನೋಡಿಕೊಂಡು ಕೂರುವುದೇ ಇದರಲ್ಲಿ ಮುಖ್ಯ ಕೆಲಸ. ರಾತ್ರಿ ಇಡೀ ನಿಂತ ಇಂಜಿನ್ನಿನ ಮೊದಲ ಸ್ಟಾರ್ಟ್ ದಿನಕ್ಕೆ ಒಂದೇ ಸಲ ಸಿಗುತ್ತದೆ. ಒಂದು ಸಲ ಹಿಡಿದರೆ ಪರೀಕ್ಷೆ ಮುಗಿಯಿತು, ಮುಂದಿನದಕ್ಕೆ ಮರುದಿನ ಬೆಳಿಗ್ಗೆಯೇ ಗತಿ. ಇದು ಗೊತ್ತಿಲ್ಲದವರು ಬೆಳಿಗ್ಗೆ ಬ್ಯಾಟರಿ ಬದಲಿಸಿ, ಡೀಸೆಲ್ ಪೈಪಿನ ಏರ್ ತೆಗೆದು, ಪ್ಲಗ್ಗೂ ಹಾಕಿ, ಎಲ್ಲಾ ಒಟ್ಟಿಗೆ ಮಾಡುತ್ತಾರೆ. ಸ್ಟಾರ್ಟ್ ಆಗುತ್ತದೆ, ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆಗೆ ಒಂದೇ ಬದಲಾವಣೆ ಅಂತ ಇಟ್ಟುಕೊಂಡೆ.

ಮೊದಲ ಬೆಳಿಗ್ಗೆ ಏನನ್ನೂ ಮುಟ್ಟಲಿಲ್ಲ. ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿ ನಾನು ಸೈಲೆನ್ಸರ್ ಬಾಯಿ ಎದುರು ನಿಂತೆ. ಹತ್ತು ಸೆಕೆಂಡಿನಷ್ಟು ಹೊತ್ತು ಹೊಗೆಯೇ ಇಲ್ಲ. ಆಮೇಲೆ ತೆಳ್ಳಗೆ ಬಿಳಿ ಹೊಗೆ, ಆಮೇಲೆ ದಟ್ಟ ಬಿಳಿ ಹೊಗೆ, ಕೊನೆಗೆ ಒಂದೊಂದೇ ಸಿಲಿಂಡರ್ ಕೆಮ್ಮುತ್ತಾ ಹಿಡಿಯಿತು. ನನಗೆ ಅರ್ಧ ವಿಷಯ ಅಲ್ಲೇ ಸಿಕ್ಕಿತು. ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಅಂದರೆ ಡೀಸೆಲ್ ಹೋಗುತ್ತಿದೆ, ಉರಿಯಲು ಬಿಸಿ ಸಾಲುತ್ತಿಲ್ಲ. ಎರಡೂ ಒಂದರ ಹಿಂದೆ ಒಂದು ಬಂದವು, ಅಂದಮೇಲೆ ರೋಗ ಒಂದಲ್ಲ.

ಮರುದಿನ ನನ್ನ ಪಿಕಪ್ಪಿನ ಬ್ಯಾಟರಿಯಿಂದ ದಪ್ಪ ಜಂಪರ್ ಹಾಕಿದೆ. ಜೊತೆಗೆ ಮೀಟರ್ ಹಿಡಿದೆ. ಅವರ ಬ್ಯಾಟರಿ ನಿಂತಿದ್ದಾಗ 12.4 ವೋಲ್ಟ್ ತೋರಿಸುತ್ತಿತ್ತು, ಅದನ್ನು ನೋಡಿಯೇ ಎಲ್ಲರೂ "ಬ್ಯಾಟರಿ ಚೆನ್ನಾಗಿದೆ" ಅಂದಿದ್ದು. ಹಿಂದಿನ ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಅದೇ ಬ್ಯಾಟರಿ 8.7 ಆಸುಪಾಸಿಗೆ ಇಳಿದಿತ್ತು. 9.6ಕ್ಕಿಂತ ಕೆಳಗೆ ಇಳಿದರೆ ನಾನು ನಂಬುವುದಿಲ್ಲ. ಇಷ್ಟು ಇಳಿದಾಗ ಸೆಲ್ಫ್ ನಿಧಾನವಾಗುವುದು ಮಾತ್ರವಲ್ಲ, ಪಂಪಿನಲ್ಲಿ ಡೀಸೆಲ್ ಬಿಡುವ, ತಡೆಯುವ ಸ್ಟಾಪ್ ಸಾಲೆನಾಯ್ಡ್ ಕೂಡ ಪೂರ್ತಿ ಎಳೆಯದೆ ಡೀಸೆಲ್ ಕಟ್ ಆಗುವುದುಂಟು. ಆಗ ನೋಡುವವರಿಗೆ ಏರ್ ಲಾಕ್ ಥರವೇ ಕಾಣುತ್ತದೆ. ಇಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್ ಪೋಸ್ಟಿಗೂ ಮೀಟರ್ ಹಚ್ಚಿ ಸೆಲ್ಫ್ ಹೊಡೆಸಿದೆ. ಅರ್ಧ ವೋಲ್ಟ್ ಮೀರಬಾರದ ಕಡೆ ಒಂದೂವರೆ ತೋರಿಸಿತು. ಅರ್ಥ್ ಕೇಬಲ್ಲಿನ ಲಗ್ ಒಳಗೆ ಹಸಿರು ಪುಡಿ ತುಂಬಿತ್ತು. ಜಂಪರ್ ಹಾಕಿದ ಬೆಳಿಗ್ಗೆ ಸೆಲ್ಫ್ ಗಿರ್ರನೆ ತಿರುಗಿತು, ಸ್ಟಾರ್ಟೂ ಬೇಗ ಆಯಿತು. ಮೊದಲಿನ ಹೊಗೆಯಿಲ್ಲದ ಹೊತ್ತು ಮಾತ್ರ ಕಡಿಮೆಯಾದರೂ ಹೋಗಲಿಲ್ಲ.

ನನಗೆ ಬಹಳ ಹಿಡಿಸಿದ ಪರೀಕ್ಷೆ ಅದರ ಮರುದಿನದ್ದು. ಈ ಸೆಟ್ಟಿನ ಡೀಸೆಲ್ ಟ್ಯಾಂಕ್ ಬೇಸ್ ಫ್ರೇಮಿನಲ್ಲಿದೆ, ಪಂಪಿಗಿಂತ ಕೆಳಗೆ. ಅಲ್ಲಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಇಂಜಿನ್ ನಿಂತಾಗ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದು ಪೈಪು ಖಾಲಿಯಾಗುತ್ತದೆ. ಹನಿ ಎಲ್ಲೂ ಕಾಣದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸಂಜೆ ಫೀಡ್ ಪಂಪಿನ ಕಡೆಯ ಪೈಪು ಬಿಚ್ಚಿ, ಐದು ಲೀಟರಿನ ಕ್ಯಾನನ್ನು ಸೆಟ್ಟನ್ನು ಮುಚ್ಚುವ ಕ್ಯಾನೋಪಿಯ ಮೇಲೆ ಕಟ್ಟಿ, ಪಾರದರ್ಶಕ ಟ್ಯೂಬಿನಿಂದ ಡೀಸೆಲ್ ಕೊಟ್ಟೆ. ಏರ್ ತೆಗೆದು, ಹತ್ತು ನಿಮಿಷ ಓಡಿಸಿ ನಿಲ್ಲಿಸಿದೆ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಇಳಿಬಿಡಬೇಕು, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಕ್ಯಾನಿನ ಡೀಸೆಲ್ಲೆಲ್ಲಾ ಟ್ಯಾಂಕಿಗೆ ಸೇರಿರುತ್ತದೆ. ಜಂಪರ್ ತೆಗೆದು ಅವರ ಹಳೆ ಬ್ಯಾಟರಿಯನ್ನೇ ಬಿಟ್ಟೆ.

ಬೆಳಿಗ್ಗೆ ಸೆಲ್ಫ್ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಹೊಗೆ ಬಂತು! ದಟ್ಟ ಬಿಳಿ ಹೊಗೆ, ಕಣ್ಣು ಉರಿಯುವಷ್ಟು. ಸ್ಟಾರ್ಟ್ ಆಗಲು ಮಾತ್ರ ಮತ್ತೆ ಒದ್ದಾಟ. ಟ್ಯಾಂಕಿನಿಂದ ಪಂಪಿನ ನಡುವೆ ಗಾಳಿ ಎಳೆಯುತ್ತಿದೆ ಎಂಬುದು ಖಚಿತವಾಯಿತು, ಬಿಸಿ ಸಾಲುತ್ತಿಲ್ಲ ಎಂಬುದೂ. ಆ ದಿನವೇ ಪೈಪು ತಡಕಾಡಿದೆ. ವಾಟರ್ ಸೆಪರೇಟರಿಗೆ ಹೋಗುವ ರಬ್ಬರ್ ಹೋಸ್ ಕ್ಲಿಪ್ಪಿನ ಅಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಸೆಪರೇಟರ್ ಬೌಲಿನ ಓರಿಂಗ್ ಚಪ್ಪಟೆಯಾಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟ ಹೊಸ ಓರಿಂಗ್ ಎರಡೇ ದಿನದಲ್ಲಿ ಡೀಸೆಲ್ ಕುಡಿದು ಉಬ್ಬಿತು, ನೀರಿನ ಪೈಪಿಗೆ ಹಾಕುವಂಥದ್ದು. ನೈಟ್ರೈಲ್ ಅಂತ ಕೇಳಿಯೇ ತಗೊಳ್ಳಿ, ಹತ್ತು ಹದಿನೈದು ರೂಪಾಯಿಯ ಸಾಮಾನು. ಡೀಸೆಲ್ ಪೈಪು ಕೂರಿಸುವ ಬ್ಯಾಂಜೋ ಬೋಲ್ಟಿನ ಕಾಪರ್ ವಾಷರುಗಳನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೆ ಕೂರುತ್ತವೆ, ಹೊಸದು ಬೇಕಂತಲೇ ಇಲ್ಲ. ಪಾರದರ್ಶಕ ಟ್ಯೂಬನ್ನು ಪರೀಕ್ಷೆಗೆ ಮಾತ್ರ ಬಳಸಿ. ಅಗ್ಗದ ಪಿವಿಸಿ ಟ್ಯೂಬು ಡೀಸೆಲ್‌ಗೆ ಬೇಗ ಬಿರುಸಾಗಿ ತಾನೇ ಗಾಳಿ ಎಳೆಯಲು ಶುರುಮಾಡುತ್ತದೆ.

ಇನ್ನು ಹೀಟರ್ ಪ್ಲಗ್. ಡ್ಯಾಶಿನ ಲೈಟು ಉರಿಯುತ್ತದೆ, ಆದ್ದರಿಂದ ಪ್ಲಗ್ ಸರಿಯಿದೆ ಎನ್ನುವವರೇ ಜಾಸ್ತಿ. ಲೈಟಿಗೂ ಪ್ಲಗ್ಗಿಗೂ ಸಂಬಂಧ ರಿಲೇವರೆಗೆ ಮಾತ್ರ. ಇನ್ನೊಂದು ಬೆಳಿಗ್ಗೆ ಪಿಕಪ್ಪಿನ ಬ್ಯಾಟರಿಯಿಂದ ದಪ್ಪ ವೈರನ್ನು ನೇರವಾಗಿ, ಮೂರೂ ಪ್ಲಗ್ಗಿಗೆ ಕರೆಂಟ್ ಕೊಡುವ ಪಟ್ಟಿಗೆ ಇಪ್ಪತ್ತು ಸೆಕೆಂಡಿನಷ್ಟು ಕೊಟ್ಟು, ಅವರದೇ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಸಿದೆ. ಎರಡು ಸಿಲಿಂಡರು ಕೂಡಲೇ ಹಿಡಿದವು, ಮೂರನೆಯದು ಸ್ವಲ್ಪ ಹೊತ್ತು ಬಿಳಿ ಹೊಗೆ ಬಿಟ್ಟು ಸೇರಿಕೊಂಡಿತು. ಪಟ್ಟಿ ಬಿಚ್ಚಿ ಒಂದೊಂದೇ ಪ್ಲಗ್ಗಿನ ಓಮ್ ನೋಡಿದರೆ ಎರಡು ಒಂದರ ಆಸುಪಾಸು, ಒಂದು ಪೂರಾ ಓಪನ್. ನಮ್ಮ ಅಗ್ಗದ ಮೀಟರಿನಲ್ಲಿ ವೈರಿನ ಓಮೇ ಸೇರಿಕೊಳ್ಳುವುದರಿಂದ ಬದುಕಿದೆಯೋ ಸತ್ತಿದೆಯೋ ಅನ್ನುವುದಷ್ಟೇ ತಿಳಿಯುತ್ತದೆ. ಸರಿಯಾಗಿ ನೋಡಬೇಕೆಂದರೆ ಬಿಚ್ಚಿ, ವೈಸಿಗೆ ಸಿಕ್ಕಿಸಿ, ಬ್ಯಾಟರಿ ಕೊಡಬೇಕು. ತುದಿ ಮೊದಲು ಕೆಂಪಾಗಿ ಮೇಲಕ್ಕೆ ಬಂದರೆ ಒಳ್ಳೆಯದು. ನಡುವೆ ಅಥವಾ ಬುಡದ ಕಡೆ ಕೆಂಪಾಗಿ ತುದಿ ಕಪ್ಪಾಗಿಯೇ ಉಳಿದರೆ ಅದರ ಕಾಲ ಮುಗಿಯಿತು. ಬದುಕಿದ್ದ ಎರಡರಲ್ಲಿ ಒಂದು ಹಾಗೇ ಇತ್ತು. ಇದು ಹಳೇ ಥರದ ಹನ್ನೆರಡು ವೋಲ್ಟಿನ ಪ್ಲಗ್ಗಿಗೆ ಮಾತ್ರ. ಹೊಸ ಕಾರುಗಳ ಕಡಿಮೆ ವೋಲ್ಟಿನ ಪ್ಲಗ್ಗಿಗೆ ಹೀಗೆ ಕೊಟ್ಟರೆ ಸುಟ್ಟೇ ಹೋಗುತ್ತದೆ.

ಪ್ಲಗ್ ಬದಲಿಸಿದರೂ ಪಟ್ಟಿಯ ಮೇಲೆ ಒಂಬತ್ತು ವೋಲ್ಟ್ ಚಿಲ್ಲರೆ ಮಾತ್ರ ಬರುತ್ತಿತ್ತು. ರಿಲೇ ಟರ್ಮಿನಲ್ಲಿನಲ್ಲಿ ತುಕ್ಕು. ಬಿಸಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಹನ್ನೆರಡರ ಬದಲು ಒಂಬತ್ತು ಸಿಕ್ಕಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಅಷ್ಟೇ. ತೇವದ ಹವೆ ಈ ಸೆಟ್ಟಿಗೆ ನಿಜವಾಗಿ ಮಾಡಿದ್ದು ಇದನ್ನೇ. ಗಾಳಿಯಲ್ಲಿ ನೀರಿದ್ದರೆ ಡೀಸೆಲ್ ಉರಿಯಲ್ಲ ಅಂತ ಹಳಬರು ಹೇಳುವುದನ್ನು ನಾನು ಒಪ್ಪುವುದಿಲ್ಲ. ತೇವ ಹೋಗಿ ಕೂರುವುದು ಲಗ್ಗಿನಲ್ಲಿ, ರಿಲೇಯಲ್ಲಿ, ಬ್ಯಾಟರಿಯ ನೆತ್ತಿಯ ಮೇಲೆ. ಮೀಟರಿನ ಕಪ್ಪು ಕಡ್ಡಿ ನೆಗೆಟಿವ್‌ನಲ್ಲಿಟ್ಟು ಕೆಂಪು ಕಡ್ಡಿಯನ್ನು ಬ್ಯಾಟರಿ ಮುಚ್ಚಳದ ಪ್ಲಾಸ್ಟಿಕ್ ಮೇಲೆ ಎಳೆದು ನೋಡಿ. ವೋಲ್ಟ್ ತೋರಿಸಿದರೆ ಆಸಿಡ್ ತೇವದ ಮೂಲಕ ಚಾರ್ಜ್ ಮೆಲ್ಲಗೆ ಸೋರುತ್ತಿದೆ ಅಂತಲೇ ಅರ್ಥ. ಮುಚ್ಚಳ ಬಿಗಿ ಮಾಡಿ ಅಡುಗೆ ಸೋಡಾ ನೀರಿನಿಂದ ತೊಳೆದರೆ ನಿಲ್ಲುತ್ತದೆ. ಟರ್ಮಿನಲ್ಲಿಗೆ ನಾನು ಹಚ್ಚುವುದು ಸಾಮಾನ್ಯ ಗ್ರೀಸಲ್ಲ, ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡೂ ಇದೆಯಲ್ಲ.

ನಡುವೆ ಬೇರೆ ಹುಚ್ಚಾಟಗಳೂ ನಡೆದವು. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ ನೋಡಿದೆ, ಏನೂ ವ್ಯತ್ಯಾಸವಿಲ್ಲ. ಮ್ಯಾನಿಫೋಲ್ಡಿಗೆ ಬಿಸಿನೀರಿನಲ್ಲಿ ಅದ್ದಿದ ಗೋಣಿ ಸುತ್ತಿದೆ, ಸ್ವಲ್ಪ ಗುಣ ಕಂಡಿತು, ದಿನಾ ಯಾರು ಮಾಡುತ್ತಾರೆ? ಕ್ಯಾನೋಪಿಯೊಳಗೆ 60 ವ್ಯಾಟಿನ ಹಳೇ ಬಲ್ಬು ಉರಿಸಿಟ್ಟೆ. ಅದು ಇಂಜಿನ್ನಿಗಿಂತ ಆಲ್ಟರ್ನೇಟರ್ ವೈಂಡಿಂಗಿಗೆ ಒಳ್ಳೆಯದಾಯಿತು, ಈಗಲೂ ಇದೆ. ಕರೆಂಟು ಹೋದ ರಾತ್ರಿ ಆ ಬಲ್ಬೂ ಹೋಗುತ್ತದೆ ಎಂಬುದು ಬೇರೆ ಮಾತು. ಸ್ಟಾರ್ಟರ್ ಸ್ಪ್ರೇ ಹೊಡೆಯುವ ಐಡಿಯಾ ಯಜಮಾನರ ಅಳಿಯನದು, ನಾನು ಡಬ್ಬಿಯನ್ನೇ ಕಿತ್ತಿಟ್ಟುಕೊಂಡೆ. ಹೀಟರ್ ಪ್ಲಗ್ ಕೆಂಪಗಿರುವ ಇಂಜಿನ್ನಿಗೆ ಈಥರ್ ಕೊಟ್ಟರೆ ಹೊತ್ತಲ್ಲದ ಹೊತ್ತಿಗೆ ಹತ್ತಿಕೊಂಡು ಪಿಸ್ಟನ್ ರಿಂಗ್ ಪಟ್ಟಿಯೇ ಒಡೆಯಬಹುದು.

ಹೋಸ್ ಬದಲಿಸಿದ ಮೇಲೂ ನಾನು ಮೇಲಿನ ಕ್ಯಾನಿನ ಐಡಿಯಾ ಬಿಡಲಿಲ್ಲ. ಹತ್ತು ಲೀಟರಿನ ತಗಡಿನ ಟ್ಯಾಂಕ್ ಮಾಡಿಸಿ, ಕೋಣೆಯ ಗೋಡೆಗೆ, ಸೈಲೆನ್ಸರಿನಿಂದ ದೂರಕ್ಕೆ ಕಟ್ಟಿ, ಬಾಯಿಗೆ ಕಾಕ್ ಇಟ್ಟೆ. "ಎಂಥ ಕಾಲದ ಐಡಿಯಾ ಮಾರಾಯಾ, ಹಿಟ್ಟಿನ ಗಿರಣಿಗೆ ಇಡ್ತಿದ್ರು" ಅಂತ ನಮ್ಮದೇ ಲೈನಿನ ಹಿರಿಯರೊಬ್ಬರು ನಗಾಡಿದರು. ಮೇಲಿನಿಂದ ಡೀಸೆಲ್ ಒತ್ತುತ್ತಿದ್ದರೆ ಸಂದು ಬಿದ್ದ ಕಡೆ ಗಾಳಿ ಹೋಗುವುದಿಲ್ಲ, ಡೀಸೆಲ್ ಹನಿಯಾಗಿ ಕಾಣುತ್ತದೆ. ಅಡಿಯ ಡ್ರೈನಿನಿಂದ ನೀರನ್ನೂ ವಾರಕ್ಕೊಮ್ಮೆ ಬಿಡಬಹುದು. ಪುಷ್ಯದ ಜಡಿಮಳೆಯಲ್ಲಿ ಅದೇ ಹಿರಿಯರ ಎದುರು ಬೆಳಿಗ್ಗೆ ಸೆಲ್ಫ್ ಮುಟ್ಟಿಸಿದೆ, ಎರಡು ಸೆಕೆಂಡು ಹಿಡಿಸಿರಬೇಕು. ಅವರು ಟ್ಯಾಂಕಿನ ಅಳತೆ ಕೇಳಿ ಬರೆದುಕೊಂಡು ಹೋದರು.

ಖರ್ಚು ನೆನಪಿರುವಂತೆ: ಪ್ಲಗ್ ಮೂರಕ್ಕೆ ಎರಡು ಸಾವಿರದ ಚಿಲ್ಲರೆ, ಬ್ಯಾಟರಿ ಆರೂವರೆ, ಅರ್ಥ್ ಕೇಬಲ್ಲು, ಹೋಸು, ರಿಲೇ ಸೇರಿ ಒಂದೂವರೆ, ಟ್ಯಾಂಕಿಗೆ ಎರಡರ ಹತ್ತಿರ. ನನ್ನ ಕೂಲಿ ಬೇರೆ. ಬ್ಯಾಟರಿಗೆ ಸಣ್ಣ ಫ್ಲೋಟ್ ಚಾರ್ಜರ್ ಹಾಕಿಸಲು ಹೇಳಿದ್ದೇನೆ, ಇನ್ನೂ ಹಾಕಿಸಿಲ್ಲ.

ಇಷ್ಟೆಲ್ಲಾ ಮಾಡಿಯೂ ಬಿಳಿ ಹೊಗೆ ನಿಲ್ಲದೆ, ಸೆಲ್ಫ್ ಜೋರಾಗಿ ತಿರುಗುತ್ತಿದ್ದರೂ ಹಿಡಿಯದೆ, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಒದ್ದು ಬರುತ್ತಿದ್ದರೆ ಆಗ ಕಂಪ್ರೆಷನ್ ಗೇಜ್ ಹಾಕಿ. ಅಂಥ ಇಂಜಿನ್ನನ್ನು ಬಿಚ್ಚಲೇಬೇಕು, ಕ್ಯಾನು ಕಟ್ಟಿ ಪ್ರಯೋಜನವಿಲ್ಲ.