ಮೂರೂವರೆ ಪುಟದ ಡಿಸ್ಚಾರ್ಜ್ ಸಮರಿ ಒಂದು ಪುಟಕ್ಕೆ ಇಳಿದದ್ದು: ನನ್ನ ಅನುಭವ

ನಮ್ಮ ಯೂನಿಟ್‌ನಲ್ಲಿ ಇದನ್ನು ಯಾರೂ ಒಪ್ಪಿರಲಿಲ್ಲ. "ಮೊದಲ ಸಲದ ಸೈಕೋಸಿಸ್ ಒಂದು ಪುಟದಲ್ಲಿ ಹಿಡಿಸ್ತೀಯಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಉತ್ತರ ಹೇಳೋರು ಯಾರು?" ಅಂದಿದ್ದರು ನಮ್ಮ ಸೀನಿಯರ್. ಕೇಸ್ ಶೀಟ್ ಎಲ್ಲಿಗೂ ಹೋಗಲ್ಲ, ಸಮರಿ ಅದರ ನಕಲು ಯಾಕಾಗಬೇಕು ಅನ್ನುವುದು ನನ್ನ ವಾದ. ಈಗ ವರ್ಷದ ಮೇಲಾಯಿತು. ಸುಮಾರು ಅರವತ್ತು ಸಮರಿ ಹೀಗೇ ಬರೆದಿದ್ದೇನೆ. ಅದೇ ಸೀನಿಯರ್ ಹೊಸ ರೆಸಿಡೆಂಟ್‌ಗಳನ್ನು ಈಗ ನನ್ನ ಹತ್ತಿರ ಕಳಿಸುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಬುದ್ಧಿ ಬಂದದ್ದು ಒಂದು ಪೆಟ್ಟಿನಿಂದ. ಹಿಂದೆ ಒಬ್ಬ ಹುಡುಗನಿಗೆ ಮೂರೂವರೆ ಪುಟ ಬರೆದು ಕಳಿಸಿದ್ದೆ. ಬಾಲ್ಯದಿಂದ ಹಿಡಿದು ದಿನದಿನದ ಮೆಂಟಲ್ ಸ್ಟೇಟಸ್ ತನಕ ಎಲ್ಲ ಇತ್ತು. ರಿಸ್ಪೆರಿಡೋನ್ 4 ಮಿಲಿಗ್ರಾಂಗೆ ಅಕಥೀಸಿಯಾ, ಅಂದರೆ ಮಾತ್ರೆಯಿಂದಲೇ ಬರುವ ಚಡಪಡಿಕೆ, ಬಂತು, ಅದಕ್ಕೇ 3ಕ್ಕೆ ಇಳಿಸಿದೆವು ಅನ್ನುವುದೂ ಇತ್ತು, ಆದರೆ ಮೂರನೇ ಪುಟದ ನಡುವೆ ಒಂದು ವಾಕ್ಯವಾಗಿ. ಹೊರಗೆ ನೋಡಿದ ಡಾಕ್ಟರ್ ಕಣ್ಣಿಗೆ ಅದು ಬೀಳಲಿಲ್ಲ. ನಿದ್ದೆ ಕೆಟ್ಟಿದೆ ಅಂತ ಡೋಸ್ ಮತ್ತೆ 4 ಮಾಡಿದರು. ಹುಡುಗ ಕೂತಲ್ಲಿ ಕೂರಲಾರದೆ ಓಡಾಡತೊಡಗಿದ. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು 6ಕ್ಕೆ ಏರಿಸಿದರು. ಅವನು ಮಾತ್ರೆಯನ್ನೇ ಬಿಟ್ಟ. ಐದು ವಾರಕ್ಕೆ ವಾರ್ಡಿಗೆ ವಾಪಸ್. ಎರಡನೇ ಅಡ್ಮಿಷನ್ನಿನ ಖರ್ಚು ಮೊದಲನೆಯದರ ಒಂದೂವರೆ ಪಟ್ಟು ಆಯಿತು, ಅವರಪ್ಪ ಸಂಬಳವಿಲ್ಲದ ರಜೆ ಹಾಕಿದ್ದು ಬೇರೆ. ಆ ಡಾಕ್ಟರನ್ನು ನಾನು ದೂರಲಾರೆ. ಹತ್ತು ನಿಮಿಷದಲ್ಲಿ ಒಬ್ಬ ರೋಗಿಯನ್ನು ನೋಡಬೇಕಾದವರು ಮೂರನೇ ಪುಟ ಓದುತ್ತಾರೆಯೇ?

ಅವತ್ತಿನಿಂದ ಸಮರಿಯನ್ನು ಕೊನೆಯಿಂದ ಬರೆಯಲು ಶುರು ಮಾಡಿದೆ. ಮೊದಲು ಫಾಲೋ ಅಪ್, ಆಮೇಲೆ ಮಾತ್ರೆ, ಆಮೇಲೆ ರಿಸ್ಕ್. ಕಥೆ ಕೊನೆಗೆ, ಅದೂ ಐದಾರು ಸಾಲು.

ಒಂದು ಕೇಸ್ ಬಿಡಿಸಿ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. 22ರ ಹುಡುಗ, ವಾರ್ಡಿನಲ್ಲಿ 24 ದಿನ. ಮೂರು ತಿಂಗಳಿಂದ ನಿದ್ದೆ ಕಮ್ಮಿ, ಕ್ಲಾಸಿಗೆ ಹೋಗುತ್ತಿರಲಿಲ್ಲ. ಕೊನೆಯ ಆರು ವಾರ ಇಬ್ಬರು ತನ್ನ ಬಗ್ಗೆ ಮಾತಾಡಿಕೊಳ್ಳುವ ದನಿ, ಫೋನಿನ ಮೂಲಕ ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆ. ವಾರಕ್ಕೆ ಒಂದೆರಡು ಸಲ ಗಾಂಜಾ. ಅಡ್ಮಿಷನ್ ದಿನ ಮೂತ್ರ ಪರೀಕ್ಷೆ ಪಾಸಿಟಿವ್. ಥೈರಾಯ್ಡ್, ಸಕ್ಕರೆ, ಇಸಿಜಿ ಎಲ್ಲ ಸರಿ.

ಡಯಾಗ್ನೋಸಿಸ್ ಸಾಲಿನಲ್ಲೇ ಜಾಸ್ತಿ ಜನ ಎಡವುವುದು. ಸ್ಕಿಜೋಫ್ರೀನಿಯಾ ಅಂತ ಬರೆದರೆ ಅದು ಅವನಿಗೆ ಜೀವನಪೂರ್ತಿ ಅಂಟಿಕೊಳ್ಳುತ್ತದೆ. ಗಾಂಜಾದ ಸೈಕೋಸಿಸ್ ಅಂತ ಬರೆದರೆ, ಗಾಂಜಾ ಬಿಟ್ಟ ಮೇಲೆ ಮಾತ್ರೆ ಯಾಕೆ ಅಂತ ಮನೆಯವರೇ ನಿಲ್ಲಿಸುತ್ತಾರೆ. ನಾನು ಬರೆದದ್ದು ಇಷ್ಟು: "ಮೊದಲ ಸಲದ ಸೈಕೋಸಿಸ್, ತಾತ್ಕಾಲಿಕ ಡಯಾಗ್ನೋಸಿಸ್. ವಾರ್ಡಿನಲ್ಲಿ ಗಾಂಜಾ ಇಲ್ಲದೆ ಎರಡು ವಾರ ಕಳೆದರೂ ದನಿ ಇತ್ತು, ಹಾಗಾಗಿ ಅದೊಂದೇ ಕಾರಣ ಅಂತ ನಮಗೆ ಅನಿಸಿಲ್ಲ. ಆರು ತಿಂಗಳಿಗೆ ಮತ್ತೆ ಯೋಚಿಸಿ." ಇಷ್ಟಿದ್ದರೆ ಮುಂದಿನವರಿಗೆ ನಮ್ಮ ಅನುಮಾನ ಏನು ಅನ್ನುವುದೂ ಗೊತ್ತಾಗುತ್ತದೆ.

ಮಾತ್ರೆಯ ಪಟ್ಟಿಯಲ್ಲಿ ಡೋಸ್ ಪಕ್ಕ "ಯಾಕೆ" ಮತ್ತು "ಯಾವಾಗಿನ ತನಕ" ಅಂತ ಎರಡು ಕಾಲಂ ಸೇರಿಸಿದೆ. ರಿಸ್ಪೆರಿಡೋನ್ 3 ಮಿಲಿಗ್ರಾಂ, ರಾತ್ರಿ. ದನಿ ಹದಿನೈದನೇ ದಿನದ ಹೊತ್ತಿಗೆ ನಿಂತಿತು. ಗುಣವಾದ ಮೇಲೂ ಕನಿಷ್ಠ ಒಂದರಿಂದ ಎರಡು ವರ್ಷ ಬೇಕು, ಚೆನ್ನಾಗಿದ್ದಾನೆ ಅಂತ ನಿಲ್ಲಿಸಬೇಡಿ. ಇವನಿಗೂ 4ರಲ್ಲಿ ಅಕಥೀಸಿಯಾ ಬಂದಿತ್ತು, 3ಕ್ಕೆ ಇಳಿಸಿದ ನಾಲ್ಕೈದು ದಿನಕ್ಕೆ ಹೋಯಿತು. ಈ ಸಲ ಅದನ್ನು ಡೋಸ್‌ನ ಕೆಳಗೇ ದಪ್ಪಕ್ಷರದಲ್ಲಿ ಹಾಕಿದೆ: ಓಡಾಟ ಜಾಸ್ತಿಯಾದರೆ ಏರಿಸುವ ಮೊದಲು ಕಾಲು ನೋಡಿ, "ಒಳಗೆ ಚಡಪಡಿಕೆ ಇದೆಯಾ" ಅಂತ ಕೇಳಿ. ಲೊರಾಜೆಪಾಮ್ 1 ಮಿಲಿಗ್ರಾಂ ಏಳು ದಿನ, ಅರ್ಧ ಮಿಲಿಗ್ರಾಂ ಏಳು ದಿನ, ಆಮೇಲೆ ಬಂದ್. ನಿಲ್ಲಿಸುವ ತಾರೀಖನ್ನೇ ಬರೆಯಿರಿ. "ಅಗತ್ಯವಿದ್ದಷ್ಟು ದಿನ" ಅಂತ ಬರೆದ ನನ್ನದೇ ಒಂದು ಸಮರಿಯಿಂದಾಗಿ ಒಬ್ಬಾಕೆ ಐದು ತಿಂಗಳು ಅದನ್ನೇ ನುಂಗಿದ್ದರು.

ರಿಸ್ಕ್ ಅಂದಕೂಡಲೇ "ಸದ್ಯಕ್ಕೆ ಇಲ್ಲ" ಅಂತ ಬರೆದು ಕೈತೊಳೆದುಕೊಳ್ಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಹಾಗೆ ಬರೆದರೆ ಮನೆಗೆ ಹೋಗುವ ನರ್ಸ್‌ಗೆ ಏನೂ ಸಿಗುವುದಿಲ್ಲ. ಈ ಹುಡುಗನಿಗೆ ಒಂಬತ್ತನೇ ದಿನ ದನಿ ಕೆಳಗೆ ಹಾರು ಅಂದಿತ್ತು. ಅವನು ಹಾರಲು ಹೋಗಲಿಲ್ಲ, ನರ್ಸ್ ಹತ್ತಿರ ಬಂದು ಹೇಳಿದ. ಅದನ್ನೇ ಬರೆದೆ: ದನಿ ಮರಳಿ ಅದರ ಜೊತೆ ನಿದ್ದೆಯೂ ಕೆಟ್ಟರೆ ಅಪಾಯ, ಕೇಳಿದರೆ ಹೇಳುತ್ತಾನೆ, ನೇರವಾಗಿ ಕೇಳಿ. ಇನ್ನೊಂದು ಸಾಲು, ಗುಣವಾಗುತ್ತಾ "ನನಗೆ ಹೀಗಾಯ್ತಲ್ಲ" ಅನ್ನುವ ಕುಸಿತ ಬರಬಹುದು, ಅದನ್ನೂ ಗಮನಿಸಿ.

ಫಾಲೋ ಅಪ್‌ನಲ್ಲಿ ಪ್ರತಿ ಸಾಲಿಗೂ ಒಬ್ಬರ ಹೆಸರು, ಒಂದು ತಾರೀಖು. ಮೂರನೇ ದಿನ ವಾರ್ಡಿನಿಂದ ಫೋನ್. ಏಳು ದಿನದೊಳಗೆ ಕಮ್ಯುನಿಟಿ ನರ್ಸ್ ಮನೆಗೆ, ಯಾಕಂದರೆ ಆತ್ಮಹತ್ಯೆಯ ಅಪಾಯ ಬಿಡುಗಡೆಯಾದ ಮೊದಲ ದಿನಗಳಲ್ಲೇ ಜಾಸ್ತಿ. ತೂಕ ಆರು ವಾರ ವಾರವಾರ (ನಮ್ಮಲ್ಲೇ 61ರಿಂದ 63ಕ್ಕೆ ಹೋಗಿತ್ತು), ಹನ್ನೆರಡನೇ ವಾರ ಸಕ್ಕರೆ, ಕೊಬ್ಬು, ಪ್ರೊಲ್ಯಾಕ್ಟಿನ್. ಕೊನೆಯ ಸಾಲು ನನಗೆ ಬಹಳ ಇಷ್ಟ: "ಭೇಟಿ ತಪ್ಪಿದರೆ ಅದೇ ದಿನ ಯಾರು ಫೋನ್ ಮಾಡುತ್ತಾರೆ, ಮರುದಿನ ಯಾರು ಮನೆಗೆ ಹೋಗುತ್ತಾರೆ." ಆ ಹೆಸರು ಖಾಲಿ ಇದ್ದರೆ ನಾನು ಸಹಿ ಹಾಕುವುದಿಲ್ಲ. ಆ ಹೆಸರು ಹೊರಡಿಸಲು ಕಮ್ಯುನಿಟಿ ಟೀಮ್‌ಗೆ ಫೋನ್ ಮಾಡುವ ಒಂದು ಸಮಯವಿದೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಮಾಡಿದೆ, ಕಪ್ಪುಬಿಳುಪು ಪ್ರಿಂಟರ್‌ನಲ್ಲಿ ಎಲ್ಲ ಬೂದಿ ಬಣ್ಣವಾಗಿ ಬಂತು. ನನ್ನ ಜೇಬಿನ ದುಡ್ಡಿನಲ್ಲಿ ಒಂದಷ್ಟು ಕಲರ್ ಪ್ರಿಂಟ್ ತೆಗೆಸಿದೆ, ಆಮೇಲೆ ಕೈಬಿಟ್ಟೆ. ಫಲ ಕೊಟ್ಟದ್ದು ಇನ್ನೊಂದು: ಕಳಿಸುವ ಮುನ್ನ ರೋಗಿಗೇ ಓದಿ ಹೇಳುವುದು. ಈ ಹುಡುಗ ಕೇಳಿಸಿಕೊಂಡು ಎರಡು ತಿದ್ದುಪಡಿ ಹೇಳಿದ. ಗಾಂಜಾ ವಿಷಯ ಟೀಮ್‌ಗೆ ಹೋಗಲಿ, ಚಿಕ್ಕಪ್ಪನ ಕೈಗೆ ಹೋಗುವ ಪ್ರತಿಯಲ್ಲಿ ಬೇಡ ಅಂದ. ಆಮೇಲೆ "ಸರ್, ನೀವು ನಿದ್ದೆ ಕೆಡೋದು ಅಂತ ಬರೆದಿದ್ದೀರಿ. ಅದಕ್ಕೂ ಮುಂಚೆ ನಾನು ಫೋನ್ ಆಫ್ ಮಾಡಿ ಟವೆಲ್‌ನಲ್ಲಿ ಸುತ್ತಿ ಬೀರುವಿನಲ್ಲಿ ಇಡ್ತಿದ್ದೆ" ಅಂದ. 24 ದಿನ ನೋಡಿದ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಅವನ ತಾಯಿಯನ್ನು ಕೇಳಿದೆ, ಹೌದು, ದನಿ ಶುರುವಾಗುವ ಹತ್ತು ದಿನ ಮುಂಚೆಯಿಂದ ಅಂದರು. "ಮರುಕಳಿಸುವ ಮುನ್ಸೂಚನೆ" ಅನ್ನುವ ಜಾಗದಲ್ಲಿ ನಾನು ಬರೆದದ್ದನ್ನು ಹೊಡೆದುಹಾಕಿ ಟವೆಲ್ಲನ್ನೇ ಬರೆದೆ.

ಹನ್ನೊಂದನೇ ವಾರ ನರ್ಸ್ ಫೋನ್ ಮಾಡಿದರು. ಮನೆಗೆ ಹೋದಾಗ ಹುಡುಗ ನಗುತ್ತಾ ಮಾತಾಡಿದನಂತೆ, ದನಿ ಇಲ್ಲ ಅಂದನಂತೆ. ಸಮರಿ ಕೈಯಲ್ಲಿತ್ತು, ಫೋನ್ ಎಲ್ಲಪ್ಪಾ ಅಂತ ಕೇಳಿದ್ದಾರೆ. ಬೀರುವಿನಲ್ಲಿತ್ತು. ಎಂಟು ದಿನದಿಂದ ಮಾತ್ರೆ ನುಂಗಿರಲಿಲ್ಲ. ಮರುದಿನವೇ ಅವನನ್ನು ಕರೆಸಿ ರಿಸ್ಪೆರಿಡೋನ್ 1ರಿಂದ ಮತ್ತೆ ಶುರು ಮಾಡಿದೆವು, ವಾರದಲ್ಲಿ 3ಕ್ಕೆ ತಂದೆವು. ಅಡ್ಮಿಷನ್ ಬೇಕಾಗಲಿಲ್ಲ. ಎರಡು ವಾರದ ನಂತರದ ಭೇಟಿಯ ನೋಟ್‌ನಲ್ಲಿ ನರ್ಸ್ ಒಂದೇ ಸಾಲು ಬರೆದಿದ್ದರು: ಫೋನ್ ಜೇಬಿನಲ್ಲಿದೆ.