a + b − x: ಮಡಚಿ ಬಿಡಿಸಿದ ಇಂಟಿಗ್ರಲ್‌ಗಳು

ದ್ವಿತೀಯ ಪಿಯುಸಿಯಲ್ಲಿ ಈ ಗುಣ ನನಗೆ ಮೊದಲು ಸಿಕ್ಕಿದ್ದು ಆರು ಅಂಕದ ಪ್ರಶ್ನೆಯಾಗಿ. 0 ಯಿಂದ a ವರೆಗಿನ ಇಂಟಿಗ್ರಲ್‌ನಲ್ಲಿ x ಇದ್ದಲ್ಲೆಲ್ಲ a − x ಹಾಕಿದರೂ ಬೆಲೆ ಬದಲಾಗದು ಎಂದು ಸಾಧಿಸಿ, ಅದರಿಂದ ಮುಂದಿನ ಲೆಕ್ಕ ಮಾಡಿ ಎಂಬ ಪ್ರಶ್ನೆ. ಸಾಧನೆ ಬಾಯಿಪಾಠವಾಗಿತ್ತು. t = a − x ಎಂದಿಟ್ಟರೆ dx = −dt ಆಗುತ್ತದೆ, ಲಿಮಿಟ್‌ಗಳು ಕೆಳಗಿನದು ಮೇಲೆ, ಮೇಲಿನದು ಕೆಳಗೆ ಆಗುತ್ತವೆ, ಆ ಮೈನಸ್ ಚಿಹ್ನೆ ಅವನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಆಮೇಲೆ I ಎಂದು ಹೆಸರಿಟ್ಟು, ಎರಡು ಸಾಲು ಕೂಡಿಸಿ, 2I ತೆಗೆಯುವುದೂ ಕೈಗೆ ಹತ್ತಿತ್ತು. ಆದರೆ ಹೊಸ ಲೆಕ್ಕ ಎದುರಿಗೆ ಬಂದಾಗ ಈ ದಾರಿ ಅಲ್ಲಿ ನಡೆಯುತ್ತದೋ ಇಲ್ಲವೋ ಎಂದು ಬರೆಯುವ ಮೊದಲೇ ಹೇಳಲು ನನಗೆ ಬರುತ್ತಿರಲಿಲ್ಲ.

ಅದು ತಿಳಿದದ್ದು ಬಿ.ಎಸ್ಸಿ. ಓದುವಾಗ, ಒಂದೇ ಒಂದು ಲೆಕ್ಕದಿಂದ. ಅಮೆರಿಕದ ಪಟ್ನಮ್ ಸ್ಪರ್ಧೆಯಲ್ಲಿ 1987ರಲ್ಲಿ ಬಂದ ಪ್ರಶ್ನೆ ಅದು:

```
I = ∫[2→4] √ln(9−x) / ( √ln(9−x) + √ln(x+3) ) dx
```

ನನಗೆ ಗೊತ್ತಿದ್ದ ಆದೇಶಗಳನ್ನೆಲ್ಲ ಹಾಕಿ ನೋಡಿದೆ. ಲಾಗ್‌ನ ಮೇಲೊಂದು ವರ್ಗಮೂಲ, ಅದರ ಮೇಲೆ ಭಿನ್ನರಾಶಿ. ಎಲ್ಲಿ ಹಿಡಿದರೂ ಜಾರಿಹೋಗುತ್ತಿತ್ತು. ಕೊನೆಗೆ ಇಂಟಿಗ್ರಲ್‌ನ ಚಿಹ್ನೆಯನ್ನೇ ಮರೆತು, ಬರೀ ಬೆಲೆಗಳನ್ನು ನೋಡಲು ಕುಳಿತೆ. x = 2 ಇದ್ದಾಗ ಅಂಶ √ln 7, ಛೇದ √ln 7 + √ln 5. x = 4 ಇದ್ದಾಗ ಅಂಶ √ln 5, ಛೇದ ಅದೇ √ln 5 + √ln 7. ಎರಡನ್ನೂ ಕೂಡಿಸಿದರೆ ಸರಿಯಾಗಿ 1. ಮತ್ತೆ x = 2.3 ಮತ್ತು 3.7 ತೆಗೆದುಕೊಂಡೆ. ಮೊದಲನೆಯದರಲ್ಲಿ 6.7 ಮತ್ತು 5.3, ಎರಡನೆಯದರಲ್ಲಿ 5.3 ಮತ್ತು 6.7. ಮತ್ತೆ ಮೊತ್ತ 1.

ಟಿಪ್ಪಣಿ ಪುಸ್ತಕದಿಂದ ಒಂದು ಹಾಳೆ ಹರಿದು, 2 ರಿಂದ 4 ರವರೆಗೆ ಗೆರೆ ಎಳೆದು, 3ರ ಮೇಲೆ ಮಡಚಿದೆ. 2ರ ಮೇಲೆ 4 ಬಂದು ಕೂತಿತು, 2.3ರ ಮೇಲೆ 3.7 ಕೂತಿತು. x ಮೇಲೆ ಬಂದು ಕೂರುವುದು ಯಾವಾಗಲೂ 6 − x. ಅಂದರೆ ಲಿಮಿಟ್‌ಗಳು a ಮತ್ತು b ಆಗಿದ್ದರೆ, a + b − x ಎನ್ನುವುದು ನಡುಬಿಂದುವಿನ ಮೇಲೆ ಮಡಚುವುದೇ ಹೊರತು ಬೇರೇನೂ ಅಲ್ಲ. ಮಡಚಿದರೆ ವಿಸ್ತೀರ್ಣ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಸಾಧನೆಯ ಆ ನಾಲ್ಕು ಸಾಲು ಹೇಳುತ್ತಿದ್ದದ್ದೂ ಇದನ್ನೇ. ಇಲ್ಲಿ ಮಡಚಿದಾಗ ಒಂದರ ಮೇಲೊಂದು ಬೀಳುವ ಎರಡು ಎತ್ತರಗಳ ಮೊತ್ತ ಎಲ್ಲೆಡೆ 1. ಮಡಚಿದ ಪಟ್ಟಿಯ ಉದ್ದ 1. ಹಾಗಾದರೆ ಒಟ್ಟು ವಿಸ್ತೀರ್ಣ 1. ಉತ್ತರ ಅದೇ.

ಆ ದಿನದಿಂದ ನನ್ನ ಕ್ರಮ ಬದಲಾಯಿತು. ಮೊದಲು I ಬರೆಯುವುದಿಲ್ಲ. ಪಕ್ಕದಲ್ಲಿ f(x) + f(a + b − x) ಬರೆದು, ಅದು ಏನಾಗುತ್ತದೆ ಎಂದು ನೋಡುತ್ತೇನೆ. ಆ ಮೊತ್ತ ಒಂದು ಸ್ಥಿರಸಂಖ್ಯೆಯಾದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಸ್ಥಿರವಾಗದಿದ್ದರೂ ಮೂಲಕ್ಕಿಂತ ಸರಳವಾದರೆ ಮುಂದುವರಿಯಬಹುದು. ಎರಡೂ ಆಗದಿದ್ದರೆ ಮಡಚುವುದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು.

ಮೊತ್ತ ಸ್ಥಿರವಾಗುವ ಲೆಕ್ಕಗಳಲ್ಲಿ ಇನ್ನೊಂದು ಅನುಕೂಲವಿದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಮಡಚಿದ ಹಾಳೆಯನ್ನು ನೋಡುತ್ತಲೇ ಹೊಳೆಯಿತು. ನಡುಬಿಂದು ತನ್ನ ಮೇಲೆ ತಾನೇ ಬೀಳುತ್ತದೆ. ಆದ್ದರಿಂದ ಅಲ್ಲಿನ ಬೆಲೆ ಆ ಮೊತ್ತದ ಅರ್ಧ, ಮತ್ತು ಇಂಟಿಗ್ರಲ್ ಎಂದರೆ ನಡುಬಿಂದುವಿನ ಬೆಲೆಯನ್ನು ಪೂರ್ತಿ ಉದ್ದದಿಂದ ಗುಣಿಸಿದ್ದು, ಅಷ್ಟೇ. ಮೇಲಿನ ಲೆಕ್ಕದಲ್ಲಿ x = 3 ಹಾಕಿದರೆ 1/2, ಉದ್ದ 2, ಉತ್ತರ 1. ಅದೇ ಸ್ಪರ್ಧೆಯ 1980ರ ಪ್ರಶ್ನೆ, 0 ಯಿಂದ π/2 ವರೆಗೆ 1/(1 + (tan x)^√2). ಆ √2 ನೋಡಿ ಹೆದರಬೇಕಾಗಿಲ್ಲ. π/4ರಲ್ಲಿ tan ಬೆಲೆ 1, 1ರ ಯಾವ ಘಾತವಾದರೂ 1, ಫಂಕ್ಷನ್ 1/2, ಉದ್ದ π/2, ಉತ್ತರ π/4. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಇಂಥ ಲೆಕ್ಕಕ್ಕೆ ನನ್ನ ವಿದ್ಯಾರ್ಥಿಗಳು ಪೆನ್ನು ಎತ್ತುವುದೂ ಅಪರೂಪ.

ಆದರೆ ಮೊತ್ತ ಸ್ಥಿರ ಎಂದು ಖಚಿತವಾಗದೆ ನಡುಬಿಂದುವನ್ನು ನಂಬಬಾರದು. ಎರಡು ತುದಿಗಳ ಬೆಲೆ ಕೂಡಿಸಿ, ನಡುಬಿಂದುವಿನ ಬೆಲೆಯ ಎರಡರಷ್ಟಕ್ಕೆ ಹೋಲಿಸಿದರೆ ಬೇಗ ಗೊತ್ತಾಗುತ್ತದೆ: ಅವು ಬೇರೆಬೇರೆಯಾದರೆ ಮೊತ್ತ ಸ್ಥಿರವಲ್ಲವೇ ಅಲ್ಲ. ಆದರೆ ಸಮವಾದ ಮಾತ್ರಕ್ಕೆ ಸ್ಥಿರ ಎಂದು ತೀರ್ಮಾನಿಸಲಾಗದು. 0 ಯಿಂದ 1 ರವರೆಗೆ x(1−x)(1−2x)² ತೆಗೆದುಕೊಳ್ಳಿ. ಎರಡೂ ತುದಿಗಳಲ್ಲಿ ಸೊನ್ನೆ, ನಡುವೆ ಸೊನ್ನೆ. ಆದರೆ ಇಂಟಿಗ್ರಲ್ 1/30. ಅದಕ್ಕೇ ಮೊತ್ತವನ್ನು x ಇಟ್ಟುಕೊಂಡೇ ಬರೆದು ನೋಡಬೇಕು.

ಮೊತ್ತ ಕಣ್ಣಿಗೆ ಕಾಣದಂತೆ ಅಡಗಿರುವ ಲೆಕ್ಕಗಳೂ ಇವೆ. ನನಗೆ ಬಹಳ ಇಷ್ಟವಾದದ್ದು 0 ಯಿಂದ 1 ರವರೆಗೆ ln(1+x)/(1+x²). ಇದನ್ನು ಹಾಗೆಯೇ ಮಡಚಿದರೆ, ಅಂದರೆ 1 − x ಹಾಕಿದರೆ, ಏನೂ ಸಿಗುವುದಿಲ್ಲ. ಛೇದ 1 + (1−x)² ಆಗಿ ಕೂಡಿಸಲಾಗದಂತೆ ನಿಲ್ಲುತ್ತದೆ. ಮೊದಲು x = tan θ ಎಂದಿಡಬೇಕು. ಛೇದವನ್ನು dx ತಿಂದುಹಾಕುತ್ತದೆ, ಉಳಿಯುವುದು 0 ಯಿಂದ π/4 ವರೆಗೆ ln(1 + tan θ). ಈಗ ಮಡಚಿ:

```
1 + tan(π/4 − θ) = 1 + (1 − tan θ)/(1 + tan θ) = 2/(1 + tan θ)
ln(1 + tan θ) + ln(2/(1 + tan θ)) = ln 2
```

ಮೊತ್ತ ln 2, ಮಡಚಿದ ಪಟ್ಟಿಯ ಉದ್ದ π/8, ಉತ್ತರ (π/8) ln 2, ಸುಮಾರು 0.272. ಪಾಠ ಮಾಡುವಾಗ ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದೇ ಇಂಟಿಗ್ರಲ್ ಒಂದು ಉಡುಪಿನಲ್ಲಿ ಮಡಚಲು ಒಪ್ಪಲಿಲ್ಲ, ಉಡುಪು ಬದಲಿಸಿದೊಡನೆ ಒಪ್ಪಿತು. ನಡುಬಿಂದು ಬದಲಾದದ್ದೇ ಕಾರಣ: x ಅಳತೆಯಲ್ಲಿ ನಡು 0.5, θ ಅಳತೆಯಲ್ಲಿ ನಡು π/8, ಅದು x ಆಗಿ ಸುಮಾರು 0.414. ಈ ಫಂಕ್ಷನ್‌ನ ನಿಜವಾದ ಮಡಿಕೆ ಇದ್ದದ್ದು 0.414ರಲ್ಲಿ.

ಎರಡನೆಯ ಬಗೆ, ಮೊತ್ತ ಸ್ಥಿರವಾಗದೆ ಸರಳವಾಗುವುದು, ಹೆಚ್ಚಾಗಿ ಹೊರಗೊಂದು x ಅಂಟಿಕೊಂಡಿರುವ ಲೆಕ್ಕಗಳಲ್ಲಿ. ಉಳಿದ ಭಾಗ ಮಡಚಿದಾಗ ತನ್ನ ಮೇಲೆ ತಾನೇ ಸರಿಯಾಗಿ ಬಿದ್ದರೆ, x ಮತ್ತು a + b − x ಸೇರಿ a + b ಆಗಿ, ಆ x ಕಳಚಿ ಹೋಗುತ್ತದೆ. ಅದರ ಜಾಗದಲ್ಲಿ (a+b)/2 ಹೊರಗೆ ಬರುತ್ತದೆ. ಇದರಲ್ಲಿ ಒಂದು ಗುಂಡಿಯಿದೆ, ಪ್ರತಿ ವರ್ಷ ಯಾರಾದರೂ ಒಬ್ಬರು ಬೀಳುತ್ತಾರೆ. ಕಳೆದ ಬಾರಿ ಬೋರ್ಡಿನ ಮೇಲೆ ಬರೆದದ್ದು 0 ಯಿಂದ π ವರೆಗೆ x/(4cos²x + 9sin²x). ಒಬ್ಬ ಹುಡುಗಿ ಚಕಚಕನೆ x ಕಳಚಿ π/2 ಹೊರಗಿಟ್ಟಳು, ಮೇಲೆ ಕೆಳಗೆ cos²x ನಿಂದ ಭಾಗಿಸಿದಳು, tan x = t ಎಂದಿಟ್ಟಳು. ಆಮೇಲೆ ಕೈ ಎತ್ತಿದಳು.

"ಸರ್, ಸೊನ್ನೆ ಬರ್ತಿದೆ."

"ಲಿಮಿಟ್ ಏನಾಯ್ತಮ್ಮಾ?"

"tan 0 ಸೊನ್ನೆ, tan π ಕೂಡ ಸೊನ್ನೆ ಸರ್. ಸೊನ್ನೆಯಿಂದ ಸೊನ್ನೆಗೆ."

"ಛೇದ ಎಲ್ಲಾದರೂ ಮೈನಸ್ ಆಗುತ್ತಾ ನೋಡು."

ಅವಳು ನೋಡಿದಳು. ಛೇದ 4 ಮತ್ತು 9ರ ನಡುವೆಯೇ ಓಡಾಡುತ್ತದೆ, x ಕೂಡ ಮೈನಸ್ ಅಲ್ಲ. ಹಾಗಾದರೆ ವಿಸ್ತೀರ್ಣ ಸೊನ್ನೆಯಾಗಲು ಸಾಧ್ಯವೇ ಇಲ್ಲ. ತಪ್ಪು ಮಡಚುವುದರಲ್ಲಿ ಇರಲಿಲ್ಲ. Tan x ದಾರಿಯಲ್ಲಿ π/2ರಲ್ಲಿ ಮುರಿದುಬೀಳುತ್ತದೆ, ಆ ಮುರುಕಿನ ಮೇಲೆ ಹಾರಿಕೊಂಡು ಹೋದದ್ದರಲ್ಲಿ ಇತ್ತು. ಉಳಿದ ಫಂಕ್ಷನ್ π/2ರ ಎರಡೂ ಕಡೆ ಒಂದೇ ರೀತಿ ಇರುವುದರಿಂದ, ಮೊದಲು ಅದನ್ನು 0 ಯಿಂದ π/2 ವರೆಗಿನ ಎರಡರಷ್ಟು ಎಂದು ಬರೆದು, ಆಮೇಲೆ tan x = t ಹಾಕಬೇಕು. ಆಗ t ಸೊನ್ನೆಯಿಂದ ಅನಂತಕ್ಕೆ ಹೋಗುತ್ತದೆ:

```
I = (π/2) · 2 · ∫[0→∞] dt/(4 + 9t²) = π · (1/6)(π/2) = π²/12
```

ಇದು ಸುಮಾರು 0.82. ಅದು ಸರಿಯೇ ಎಂದು ನೋಡಲು, ಫಂಕ್ಷನ್ x/9 ಮತ್ತು x/4ರ ನಡುವೆ ಇರುವುದರಿಂದ ಉತ್ತರ 0.55 ಮತ್ತು 1.23ರ ನಡುವೆ ಬೀಳಲೇಬೇಕು. ಬಿದ್ದಿದೆ.

ಮಡಚಿದರೂ ಏನೂ ಹೇಳದ ಲೆಕ್ಕವೂ ಉಂಟು. 0 ಯಿಂದ π ವರೆಗೆ x cos x ತೆಗೆದುಕೊಂಡು x ಕಳಚಲು ಹೊರಟರೆ, cos(π − x) = −cos x ಆಗಿರುವುದರಿಂದ ಕೊನೆಗೆ ಬರುವುದು I = I. ಎಷ್ಟೋ ಮಕ್ಕಳು ಇದನ್ನು ನೋಡಿ ಉತ್ತರ ಸೊನ್ನೆ ಎಂದು ಬರೆಯುತ್ತಾರೆ. I = I ಎನ್ನುವುದು ಸುಳ್ಳಲ್ಲ, ಆದರೆ ಅದರಿಂದ I ಬೆಲೆ ತಿಳಿಯದು. ಇಲ್ಲಿ cos x ಮಡಚಿದಾಗ ತನ್ನ ಮೇಲೆ ಬೀಳುವ ಬದಲು ಮಗುಚಿ ಬೀಳುತ್ತದೆ, ಅದಕ್ಕೇ x ಕಳಚುವುದಿಲ್ಲ. ಭಾಗಶಃ ಅನುಕಲನ ಮಾಡಿದರೆ ಎರಡು ಸಾಲಿನಲ್ಲಿ −2 ಬರುತ್ತದೆ.

ಇನ್ನೊಂದು, ಇದನ್ನು ನಾನೇ ಬಹಳ ತಡವಾಗಿ ಗಮನಿಸಿದ್ದು. 0 ಯಿಂದ 2 ರವರೆಗೆ 1/(x−1). ಮಡಚಿದರೆ 1/(1−x), ಮೊತ್ತ ಸೊನ್ನೆ, I = 0 ಎಂದು ಅಚ್ಚುಕಟ್ಟಾಗಿ ಬರುತ್ತದೆ. ಆದರೆ x = 1ರ ಬಲಕ್ಕೆ ವಿಸ್ತೀರ್ಣ ಅನಂತ, ಎಡಕ್ಕೂ ಅನಂತ, ಹಾಗಾಗಿ ಈ ಇಂಟಿಗ್ರಲ್‌ಗೆ ಬೆಲೆಯೇ ಇಲ್ಲ. ಇಲ್ಲದ್ದಕ್ಕೆ I ಎಂದು ಹೆಸರಿಟ್ಟು ಕೂಡಿಸಿದ್ದರಿಂದ ಆ ಸೊನ್ನೆ ಹುಟ್ಟಿತು. 0 ಯಿಂದ π ವರೆಗಿನ tan x ಕೂಡ ಹೀಗೆಯೇ ಮೋಸ ಮಾಡುತ್ತದೆ. 1980ರ ಲೆಕ್ಕದಲ್ಲೂ tan ಇತ್ತಲ್ಲ ಎಂದು ಕೇಳಬಹುದು; ಅಲ್ಲಿ ಅದು ಛೇದದಲ್ಲಿತ್ತು, π/2 ಹತ್ತಿರ ಹೋದಂತೆ ಫಂಕ್ಷನ್ ಸೊನ್ನೆಯ ಕಡೆಗೆ ಇಳಿಯುತ್ತದೆ, ಎಲ್ಲೂ ಸಿಡಿದುಹೋಗುವುದಿಲ್ಲ. ಅದಕ್ಕೇ ಈಗ ಮೊತ್ತ ಬರೆಯುವುದಕ್ಕೂ ಮುಂಚೆ, ಎರಡು ಲಿಮಿಟ್‌ಗಳ ನಡುವೆ ಫಂಕ್ಷನ್ ಎಲ್ಲಾದರೂ ಅನಂತಕ್ಕೆ ಏರುತ್ತದೆಯೇ ಎಂದು ಒಮ್ಮೆ ಕಣ್ಣಾಡಿಸುತ್ತೇನೆ. ಮಡಿಕೆ ಬೀಳುವ ನಡುಬಿಂದುವನ್ನೇ ಮೊದಲು ನೋಡುತ್ತೇನೆ, 1/(x−1) ಮತ್ತು tan x ಎರಡರಲ್ಲೂ ಮುರುಕು ಇದ್ದದ್ದು ಅಲ್ಲೇ.