ಪಾರ್ಸೆಲ್ ವಾಪಸ್ ಹೋಗ್ತಿದೆಯಾ? ಮೊದಲು ಅಂಗಡಿಯವರಿಗೆ ಫೋನ್ ಮಾಡಿ

ದಾವಣಗೆರೆಯಲ್ಲಿ "3ನೇ ಮೇನ್, 6ನೇ ಕ್ರಾಸ್" ಅಂತ ಮಾತ್ರ ಬರೆದರೆ ಅದು ಪೂರ್ತಿ ವಿಳಾಸ ಆಗುವುದಿಲ್ಲ. ಎಂಸಿಸಿ ಎ ಬ್ಲಾಕ್‌ನಲ್ಲೂ ಮೇನ್, ಕ್ರಾಸ್ ಇವೆ. ಬಿ ಬ್ಲಾಕ್‌ನಲ್ಲೂ ಇವೆ. ಪಿ.ಜೆ. ಬಡಾವಣೆಯಲ್ಲೂ, ವಿನೋಬನಗರದಲ್ಲೂ ಇವೆ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್‌ಗೆ ಹೆಸರು ನೋಡಿದರೇ ಮನೆ ಗೊತ್ತಾಗುತ್ತದೆ. ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ ಕೊರಿಯರ್ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವನು ಫೋನ್ ಮಾಡುತ್ತಾನೆ. ಫೋನ್ ತಾಗದಿದ್ದರೆ ಮೊಬೈಲ್‌ನಲ್ಲಿ ಒಂದು ಕಾರಣ ಒತ್ತಿ ಮುಂದಿನ ಮನೆಗೆ ಹೋಗುತ್ತಾನೆ. ಪಾರ್ಸೆಲ್ ವಾಪಸ್ ಹೋಗುವ ಕಥೆ ಶುರುವಾಗುವುದು ಅಲ್ಲಿಂದ.

ಒಂದು ಉದಾಹರಣೆ ಹಿಡಿದುಕೊಂಡು ನೋಡೋಣ. ಎಂಸಿಸಿ ಬಿ ಬ್ಲಾಕ್‌ನ ಟೀಚರ್ ಒಬ್ಬರು ಸೂರತ್‌ನ ಸಣ್ಣ ಆನ್‌ಲೈನ್ ಅಂಗಡಿಯಿಂದ 1,850 ರೂಪಾಯಿಯ ಸೀರೆ ತರಿಸಿದ್ದಾರೆ. ದುಡ್ಡು ಯುಪಿಐನಲ್ಲಿ ಮೊದಲೇ ಕೊಟ್ಟಾಗಿದೆ. ವಿಳಾಸದಲ್ಲಿ ಮನೆ ನಂಬರ್, ಮೇನ್, ಕ್ರಾಸ್, ಊರು, ಪಿನ್ ಎಲ್ಲ ಇದೆ, ಬಡಾವಣೆಯ ಹೆಸರೇ ಇಲ್ಲ. ಫೋನ್ ನಂಬರ್ ಸರಿಯಾಗಿದೆ, ಆದರೆ ಹಗಲು ಹೊತ್ತು ಅವರು ಕ್ಲಾಸಿನಲ್ಲಿ. ಸೋಮವಾರ ಪಾರ್ಸೆಲ್ ದಾವಣಗೆರೆ ತಲುಪಿತು. ಬುಧವಾರದ ಹೊತ್ತಿಗೆ ಟ್ರ್ಯಾಕಿಂಗ್‌ನಲ್ಲಿ `Address Incomplete`, `Consignee Not Reachable` ಎಂಬ ಎರಡು ಸಾಲು ಬಂದಿವೆ. ಈಗ ಏನು ಮಾಡಬೇಕು?

ಮೊದಲು ಪಾರ್ಸೆಲ್ ಎಲ್ಲಿದೆ ನೋಡಿ

ಟ್ರ್ಯಾಕಿಂಗ್ ಪುಟದ ಕೊನೆಯ ಸಾಲನ್ನು ಓದಿ. ಅದರ ಪಕ್ಕದಲ್ಲಿರುವ ಊರಿನ ಹೆಸರನ್ನೂ ನೋಡಿ. `Undelivered` ಅಂತಿದ್ದು ಊರು ದಾವಣಗೆರೆಯೇ ಆಗಿದ್ದರೆ ಸಾಮಾನು ಇನ್ನೂ ಇಲ್ಲಿನ ಗೋಡೌನ್‌ನಲ್ಲೇ ಇದೆ, ಉಳಿಸಿಕೊಳ್ಳಬಹುದು. `RTO Initiated` ಅಂತ ಬಂದರೆ ವಾಪಸ್ ಕಳಿಸುವ ಆದೇಶ ಬಿದ್ದಿದೆ. ಆದರೂ ಊರು ಬದಲಾಗಿಲ್ಲ ಅಂದರೆ ಚೀಲ ಇನ್ನೂ ಲಾರಿ ಹತ್ತಿಲ್ಲ. ಪ್ರಯತ್ನ ಮಾಡಿ ನೋಡಬಹುದು, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. `RTO In Transit` ಅಂತ ಬಂದು ಹುಬ್ಬಳ್ಳಿಯೋ ಬೆಂಗಳೂರೋ ಕಾಣಿಸಿದರೆ ಅದರ ಹಿಂದೆ ಓಡುವುದನ್ನು ಬಿಡಿ. ದಾರಿ ಮಧ್ಯೆ ಅದನ್ನು ಇಳಿಸಿ ತಿರುಗಿ ಕಳಿಸುವ ವ್ಯವಸ್ಥೆ ಬಹುತೇಕ ಕೊರಿಯರ್‌ಗಳಲ್ಲಿ ಇಲ್ಲ.

ಪಾರ್ಸೆಲ್ ದಾವಣಗೆರೆಗೇ ಬರದೆ ವಾಪಸ್ ತಿರುಗಿದ್ದರೆ ಪಿನ್ ನೋಡಿ. ನಮ್ಮ 577 ಅನ್ನುವ ಮೂರು ಅಂಕಿ ನಮ್ಮೊಬ್ಬರದೇ ಅಲ್ಲ. 577001 ದಾವಣಗೆರೆ, 577101 ಚಿಕ್ಕಮಗಳೂರು, 577201 ಶಿವಮೊಗ್ಗ, 577501 ಚಿತ್ರದುರ್ಗ. ನಾಲ್ಕನೇ ಅಂಕಿ ಒಂದು ತಪ್ಪಿದರೆ ಸಾಮಾನು ಪಕ್ಕದ ಜಿಲ್ಲೆಗೆ ಹೋಗುತ್ತದೆ. ಅಲ್ಲಿಯವರು "ಈ ಬಡಾವಣೆ ನಮ್ಮಲ್ಲಿಲ್ಲ" ಅಂತ ವಾಪಸ್ ಕಳಿಸುತ್ತಾರೆ. ವಿಂಗಡಣೆ ಮಾಡುವವರು ಮೊದಲು ನೋಡುವುದು ಪಿನ್, ಊರಿನ ಹೆಸರಲ್ಲ.

ಮಾತಾಡಬೇಕಾದದ್ದು ಯಾರ ಹತ್ತಿರ?

ಹೆಚ್ಚಿನವರು ಎಡವುವುದು ಇಲ್ಲೇ. ಕೊರಿಯರ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ, ಅರ್ಧ ಗಂಟೆ ಸಂಗೀತ ಕೇಳಿ, "ಕಂಪ್ಲೇಂಟ್ ತಗೊಂಡಿದ್ದೀವಿ ಮೇಡಂ" ಅನ್ನಿಸಿಕೊಂಡು ಸುಮ್ನೆ ಕೂರುತ್ತಾರೆ. ಆದರೆ ಕೊರಿಯರ್‌ನ ಗಿರಾಕಿ ನೀವಲ್ಲ. ಸಾಗಣೆಯ ದುಡ್ಡು ಕೊಟ್ಟಿರುವುದು ಸೂರತ್‌ನ ಅಂಗಡಿಯವರು. ಸಾಮಾನು ಮುಟ್ಟದೆ ಉಳಿದಾಗ ಅವರ ಕಂಪ್ಯೂಟರ್‌ನಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದಕ್ಕೆ ಎನ್‌ಡಿಆರ್ ಅನ್ನುತ್ತಾರೆ. ಪ್ರತಿ ಪಾರ್ಸೆಲ್‌ನ ಮುಂದೆ ಇನ್ನೊಮ್ಮೆ ಪ್ರಯತ್ನಿಸಿ, ಫೋನ್ ಅಥವಾ ವಿಳಾಸ ತಿದ್ದಿ, ಇಲ್ಲವೇ ವಾಪಸ್ ಕಳಿಸಿ ಎಂಬ ಆಯ್ಕೆಗಳಿರುತ್ತವೆ. ಅಂಗಡಿಯವರು ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ, ಅಥವಾ ಎರಡು ಮೂರು ಪ್ರಯತ್ನ ವಿಫಲವಾದರೆ, ಪಾರ್ಸೆಲ್ ತಾನಾಗೇ ವಾಪಸ್ ದಾರಿ ಹಿಡಿಯುತ್ತದೆ.

ಹಾಗಾಗಿ ನಮ್ಮ ಟೀಚರ್ ಮೊದಲು ಮಾಡಬೇಕಾದದ್ದು ಅಂಗಡಿಯವರಿಗೆ ಫೋನ್. ತಕ್ಷಣವೇ ಅದನ್ನು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆದೂ ಕಳಿಸಬೇಕು. ಕಥೆ ಬೇಡ, ಆರ್ಡರ್ ನಂಬರ್ ಮತ್ತು ಟ್ರ್ಯಾಕಿಂಗ್ ನಂಬರ್ ಹಾಕಿ ಇಷ್ಟು ಬರೆದರೆ ಸಾಕು:

"ಪಾರ್ಸೆಲ್ ದಾವಣಗೆರೆಯಲ್ಲೇ ಇದೆ. ವಾಪಸ್ ತರಿಸಿಕೊಳ್ಳಬೇಡಿ, ಇನ್ನೊಮ್ಮೆ ಕಳಿಸಲು ಹೇಳಿ. ವಿಳಾಸಕ್ಕೆ 'ಎಂಸಿಸಿ ಬಿ ಬ್ಲಾಕ್' ಎಂದು ಸೇರಿಸಿ. ಮಧ್ಯಾಹ್ನ ಮನೆಯಲ್ಲಿರುವ ನಮ್ಮ ಅತ್ತೆಯವರ ನಂಬರನ್ನು ಎರಡನೇ ನಂಬರಾಗಿ ಹಾಕಿ."

ಹೊರ ರಾಜ್ಯದವರಿಗಾದರೆ ಇದನ್ನೇ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ಅವರು ಇದನ್ನು ನೋಡಿಕೊಂಡೇ ಪಟ್ಟಿಯಲ್ಲಿ ತುಂಬುತ್ತಾರೆ.

ಅದರ ಜೊತೆಗೆ ಇಲ್ಲಿನ ಗೋಡೌನ್‌ಗೂ ಹೋಗಿ ಬರಬಹುದು. ಆರ್ಡರ್ ಮೆಸೇಜ್, ಟ್ರ್ಯಾಕಿಂಗ್ ನಂಬರ್, ಗುರುತಿನ ಚೀಟಿ ಇಟ್ಟುಕೊಂಡಿರಿ. ಬೆಳಿಗ್ಗೆ ಹುಡುಗರು ಸಾಮಾನು ಹಂಚಿಕೊಂಡು ಹೊರಡುವ ಹೊತ್ತು ಒಳ್ಳೆಯದು, ನಿಮ್ಮ ಬೀದಿಗೆ ಬರುವವನೇ ಸಿಗಬಹುದು. "ಅಕ್ಕ, ಎರಡು ಸಲ ಮಾಡಿದೆ, ನೀವು ಎತ್ತಲಿಲ್ಲ" ಅಂತ ಅವನಂದರೆ ಜಗಳಕ್ಕೆ ನಿಲ್ಲುವ ಮೊದಲು ಅವನ ಎದುರೇ ನಿಮ್ಮ ಫೋನ್ ತೆಗೆದು ನೋಡಿ.

ಫೋನ್ ನಿಜವಾಗಿ ಬಂದಿತ್ತಾ?

ಕೊರಿಯರ್ ಹುಡುಗರ ಕರೆ ಎಷ್ಟೋ ಸಲ ಅವರ ಸ್ವಂತ ನಂಬರಿನಿಂದ ಬರುವುದಿಲ್ಲ. ಕಂಪನಿಯ ಮಧ್ಯದ ನಂಬರೊಂದರ ಮೂಲಕ ಬರುತ್ತದೆ. ನಿಮ್ಮ ನಂಬರ್ ಅವರಿಗೆ, ಅವರ ನಂಬರ್ ನಿಮಗೆ ಕಾಣದಿರಲಿ ಅಂತ ಈ ವ್ಯವಸ್ಥೆ. ಒಂದೇ ನಂಬರಿನಿಂದ ದಿನಕ್ಕೆ ನೂರಾರು ಮನೆಗೆ ಕರೆ ಹೋಗುವುದರಿಂದ ಜನ ಅದನ್ನು ಸ್ಪ್ಯಾಮ್ ಅಂತ ಗುರುತು ಹಾಕಿಬಿಡುತ್ತಾರೆ. ಆಮೇಲೆ ನಿಮ್ಮ ಫೋನು ರಿಂಗೇ ಆಗದೆ ಅದನ್ನು ತಳ್ಳಿಹಾಕುತ್ತದೆ. ಕಾಲ್ ಆ್ಯಪ್‌ನಲ್ಲಿ ಬ್ಲಾಕ್ ಆದ ಕರೆಗಳ ಪಟ್ಟಿ ಬೇರೆ ಕಡೆ ಇರುತ್ತದೆ, ಅಲ್ಲಿ ಹುಡುಕಿ. ಸೋಮವಾರ ಮಧ್ಯಾಹ್ನದ ಕರೆ ಅಲ್ಲಿ ಸಿಕ್ಕರೆ ಹುಡುಗನ ತಪ್ಪಿಲ್ಲ. ಪಾರ್ಸೆಲ್ ಬರುವವರೆಗಾದರೂ ಆ ಬ್ಲಾಕ್ ತೆಗೆದಿಡಿ.

ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದರೆ ಕರೆ ಬಂದೇ ಇಲ್ಲ ಅನ್ನಲು ಒಳ್ಳೆಯ ಆಧಾರ ಸಿಕ್ಕಿತು. ಸಂಜೆ ಹೊತ್ತು ಗಾಡಿಯಲ್ಲಿ ಇನ್ನೂ ಸಾಮಾನು ಉಳಿದಿರುವಾಗ, ಮನೆ ಹತ್ತಿರವೂ ಬರದೆ ಕಾರಣ ಒತ್ತುವುದು ನಡೆಯುತ್ತದೆ. ಟ್ರ್ಯಾಕಿಂಗ್‌ನ ಆ ಸಾಲು ಮತ್ತು ಅದೇ ದಿನದ ಕಾಲ್ ಲಾಗ್, ಎರಡರ ಸ್ಕ್ರೀನ್‌ಶಾಟ್ ತೆಗೆದು ಅಂಗಡಿಯವರಿಗೆ ಕಳಿಸಿ. ಕೊರಿಯರ್ ಮೇಲೆ ದೂರು ಹಾಕಲು ಅವರಿಗೂ ಅದು ಬೇಕು. ಮುಂದೆ ಸಾಗಣೆ ಖರ್ಚು ಯಾರದ್ದು ಅನ್ನುವ ಮಾತು ಬಂದಾಗ ನಿಮಗೂ ಬೇಕು.

ಸ್ಪೀಡ್ ಪೋಸ್ಟ್‌ನ ದಾರಿ ಸ್ವಲ್ಪ ಬೇರೆ, ಮತ್ತು ಸುಲಭ. ನಿಮ್ಮ ಪಿನ್‌ನ ಡೆಲಿವರಿ ಅಂಚೆ ಕಚೇರಿಗೇ 13 ಅಕ್ಷರ–ಅಂಕಿಯ ಟ್ರ್ಯಾಕಿಂಗ್ ನಂಬರ್ ಮತ್ತು ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ಬಾಗಿಲು ಹಾಕಿದೆ ಅನ್ನುವ ಕಾರಣವಿದ್ದರೆ ಸಾಮಾನ್ಯವಾಗಿ ಏಳು ದಿನ ಇಟ್ಟುಕೊಳ್ಳುತ್ತಾರೆ. ವಿಳಾಸ ಸಾಲದು ಅನ್ನುವ ಕಾರಣವಾದರೆ ಅಷ್ಟು ದಿನ ನೆಚ್ಚಬೇಡಿ, ಅವತ್ತೇ ಹೋಗಿ. ಅಲ್ಲಿ ಕೆಲಸ ಆಗದಿದ್ದರೆ 1800 266 6868ಕ್ಕೆ ದೂರು ಕೊಡಬಹುದು.

ವಾಪಸ್ ಹೋಗೇ ಬಿಟ್ಟಿತು ಅಂದರೆ

ಟೀಚರ್ ಗುರುವಾರ ಸಂಜೆ ಫೋನ್ ಮಾಡಿದರು ಅಂತಿಟ್ಟುಕೊಳ್ಳಿ, ಅಷ್ಟರಲ್ಲಿ `RTO In Transit`. ಇನ್ನು ಹಿಡಿಯಬೇಕಾದದ್ದು ದುಡ್ಡನ್ನು. ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ: ಸಾಮಾನು ನಿಮಗೆ ಮುಟ್ಟಿದ ಮೇಲೆ ಮತ್ತೆ ಕಳಿಸುತ್ತೀರಾ, ದುಡ್ಡು ವಾಪಸ್ ಕೊಡುತ್ತೀರಾ? ದೊಡ್ಡ ಆನ್‌ಲೈನ್ ಮಳಿಗೆಗಳಲ್ಲಿ ಈ ತಾಪತ್ರಯ ಕಡಿಮೆ. ಮೊದಲೇ ಕಟ್ಟಿದ ದುಡ್ಡು ಸಾಮಾನ್ಯವಾಗಿ ತಾನಾಗೇ ವಾಪಸ್ ಬರುತ್ತದೆ, ಬೇಕಾದರೆ ಹೊಸದಾಗಿ ಆರ್ಡರ್ ಮಾಡಿಕೊಳ್ಳಬೇಕು. ಕ್ಯಾಶ್ ಆನ್ ಡೆಲಿವರಿಯಾದರೆ ಕಳೆದುಕೊಂಡದ್ದು ಏನೂ ಇಲ್ಲ, ಆದರೆ ಪದೇ ಪದೇ ಹೀಗಾದರೆ ಆ ಸೌಲಭ್ಯ ನಿಮ್ಮ ಖಾತೆಗೆ ನಿಲ್ಲಬಹುದು.

ಸಣ್ಣ ಅಂಗಡಿಯವರು ಹೇಳುವ ಮಾತು ಒಂದೇ: "ಇನ್ನೂ ನಮಗೆ ಮುಟ್ಟಿಲ್ಲ." ನಿಜವೂ ಇರಬಹುದು. ವಾಪಸ್ ಹೋಗುವ ಪಾರ್ಸೆಲ್‌ಗೆ ಯಾರೂ ಅವಸರ ಮಾಡುವುದಿಲ್ಲ, ಬಂದದ್ದಕ್ಕಿಂತ ಜಾಸ್ತಿ ದಿನ ಹಿಡಿಯಬಹುದು. ಎರಡು ಮೂರು ದಿನಕ್ಕೊಮ್ಮೆ ಟ್ರ್ಯಾಕಿಂಗ್ ನೋಡುತ್ತಿರಿ. `RTO Delivered` ಅಂತ ಬಂದ ದಿನ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ಆಮೇಲೆ ಆ ಮಾತು ನಡೆಯುವುದಿಲ್ಲ.

ಸಾಗಣೆ ಖರ್ಚಿನ ವಿಷಯ. ಹೋಗಿ ಬಂದ ಬಾಬ್ತು ಅಂತ ಅವರು 1,850ರಲ್ಲಿ 160 ರೂಪಾಯಿ ಹಿಡಿದುಕೊಂಡು 1,690 ಕೊಡುತ್ತೇವೆ ಅಂದರು ಅನ್ನಿ. ಬಡಾವಣೆ ಹೆಸರು ಬಿಟ್ಟಿದ್ದು ನಮ್ಮ ಕಡೆಯಿಂದ, ಅವರ ನಿಯಮದಲ್ಲೂ ಹಾಗೆ ಬರೆದಿದೆ ಅಂದರೆ ನನ್ನ ಪ್ರಕಾರ ಒಪ್ಪಿಕೊಳ್ಳುವುದೇ ವಾಸಿ. ಸೀರೆ ಬೇಕೇ ಬೇಕು ಅಂದರೆ ಮತ್ತೆ ಕಳಿಸುವ ಖರ್ಚು ಮಾತ್ರ ಕೊಟ್ಟು ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ವಿಳಾಸ ಪೂರ್ತಿ ಇದ್ದು, ಕರೆಯೂ ಬಂದಿಲ್ಲ ಅಂದರೆ ಒಂದು ರೂಪಾಯಿಯನ್ನೂ ಬಿಡಬೇಕಾಗಿಲ್ಲ, ಸ್ಕ್ರೀನ್‌ಶಾಟ್ ಮುಂದಿಡಿ. ದುಡ್ಡು ಹಾಕಿದ್ದೇವೆ ಅಂದರೆ 12 ಅಂಕಿಯ ಯುಪಿಐ ವ್ಯವಹಾರದ ನಂಬರ್ ಕೇಳಿ. ಬ್ಯಾಂಕಿನವರು ಅದರಿಂದ ಹುಡುಕಿಕೊಡುತ್ತಾರೆ.

ಉತ್ತರವೇ ಇಲ್ಲ ಅಂದರೆ ಆ ವೆಬ್‌ಸೈಟ್‌ನ ದೂರು ಅಧಿಕಾರಿಗೆ ಬರೆಯಿರಿ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸಿಕ್ಕಿದೆ ಅನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಗೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕೇಳುವುದು ಆರ್ಡರ್ ಬಿಲ್ಲು, ದುಡ್ಡು ಕಟ್ಟಿದ ದಾಖಲೆ, ನೀವು ಬರೆದ ಮೆಸೇಜು. ಫೋನಿನಲ್ಲಿ ಮಾತ್ರ ಜಗಳ ಆಡಿದವರ ಹತ್ತಿರ ಕೊಡಲು ಏನೂ ಇರುವುದಿಲ್ಲ.

ಈ ಗಡಿಬಿಡಿಯ ನಡುವೆಯೇ "ನಿಮ್ಮ ವಿಳಾಸ ಅಪೂರ್ಣ, ಐದು ರೂಪಾಯಿ ಕಟ್ಟಿ ಸರಿಮಾಡಿ" ಅಂತ ಲಿಂಕ್ ಬರಬಹುದು. ಪಾರ್ಸೆಲ್‌ಗೆ ಕಾಯುತ್ತಿರುವವರು ಬೇಗ ಬೀಳುತ್ತಾರೆ. ಲಿಂಕ್ ಒತ್ತಬೇಡಿ, ಆರ್ಡರ್ ಪುಟಕ್ಕೆ ನೀವೇ ಹೋಗಿ ನೋಡಿ. `*401*` ಒತ್ತಿ ಒಂದು ನಂಬರ್ ಹಾಕಿ ಅಂತ ಯಾರಾದರೂ ಹೇಳಿದರೆ ಅದು ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸಿಕೊಳ್ಳುವ ಮೋಸ. ದುಡ್ಡು ವಾಪಸ್ ಬರಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ. ದುಡ್ಡು ಹೋಯಿತು ಅನ್ನಿಸಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮತ್ತೆ ಕಳಿಸಲು ಒಪ್ಪಿದರು ಅಂದರೆ ಇನ್ನೊಂದು ಕೆಲಸ ಬಾಕಿ ಇದೆ. ಹಳೆಯ ಆರ್ಡರನ್ನೇ ನಕಲು ಮಾಡಿದರೆ ಹಳೆಯ ವಿಳಾಸವೂ ಹಾಗೇ ಹೊಸ ಚೀಟಿಗೆ ಬರುತ್ತದೆ, ಪಾರ್ಸೆಲ್ ಮತ್ತೊಮ್ಮೆ ಇದೇ ಸುತ್ತು ಹೊಡೆಯುತ್ತದೆ. ನಿಮ್ಮ ಖಾತೆಯಲ್ಲಿ ಉಳಿದಿರುವ ವಿಳಾಸವನ್ನೂ ತಿದ್ದಿ. ಬಡಾವಣೆಯ ಹೆಸರು ಮೊದಲ ಸಾಲಿನಲ್ಲೇ ಇರಲಿ, ಉದ್ದದ ವಿಳಾಸದ ಬಾಲ ಚೀಟಿಯಲ್ಲಿ ಕತ್ತರಿಸಿ ಹೋಗಬಹುದು. ಹಳ್ಳಿಯಾದರೆ ಅಂಚೆ ಮತ್ತು ತಾಲ್ಲೂಕಿನ ಹೆಸರು ಬಿಡಬೇಡಿ. ಚೀಟಿ ಅಂಟಿಸಿದ ಮೇಲೆ ಅದರ ಫೋಟೋ ಕಳಿಸಲು ಹೇಳಿ, ಬಡಾವಣೆ, ಪಿನ್, ಎರಡೂ ಫೋನ್ ನಂಬರ್ ಸರಿ ಇವೆಯಾ ನೋಡಿ, ಆಮೇಲೆ "ಕಳಿಸಿ" ಅನ್ನಿ.